ಹುಬ್ಬಳ್ಳಿ-ಧಾರವಾಡದ ಜಿಮ್‌ನವರಿಗೆ: ಡಬ್ಬಿ ಕೊಡುವಾಗ ಒಂದು ಚೀಟಿಯನ್ನೂ ಕೊಡಿ

ಅವಳಿ ನಗರದ ಜಿಮ್ ಮಾಲೀಕರಿಗೆ, ಟ್ರೇನರ್‌ಗಳಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯ ಒಂದು ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿ ಬಯೋಕೆಮಿಸ್ಟ್ರಿ ವಿಭಾಗ ನೋಡಿಕೊಳ್ಳುವವಳು. ಕಿಡ್ನಿ, ಲಿವರ್, ಸಕ್ಕರೆ, ಕೊಬ್ಬಿನ ರಿಪೋರ್ಟ್‌ಗಳು ನನ್ನ ಸಹಿ ಆಗಿಯೇ ಹೊರಗೆ ಹೋಗುತ್ತವೆ. ಈಚೆಗೆ ಪಿಯುಸಿ ಓದುವ ಹುಡುಗರ ರಿಪೋರ್ಟ್‌ಗಳಲ್ಲಿ ಕ್ರಿಯಾಟಿನಿನ್ ಅನ್ನುವ ಅಂಕಿಯ ಮುಂದೆ ‘ಜಾಸ್ತಿ’ ಅನ್ನುವ ಗುರುತು ಆಗಾಗ ಬೀಳುತ್ತಿದೆ. ಮನೆಯವರು ಗಾಬರಿ ಬಿದ್ದು ಓಡಿ ಬರುತ್ತಾರೆ. ಕೇಳಿ ನೋಡಿದರೆ ಹುಡುಗ ಜಿಮ್‌ಗೆ ಹೋಗುತ್ತಾನೆ, ಜಿಮ್‌ನಲ್ಲಿ ಯಾರೋ ಕ್ರಿಯಾಟಿನ್ ಪುಡಿ ಕೊಟ್ಟಿದ್ದಾರೆ. ಅದು ಡಾಕ್ಟರಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ.

ನಿಮ್ಮನ್ನು ಬೈಯೋಕೆ ಈ ಪತ್ರ ಬರೆಯುತ್ತಿಲ್ಲ. ಕ್ರಿಯಾಟಿನ್ ವಿಷ ಅಂತಲೂ ನಾನು ಹೇಳುವುದಿಲ್ಲ, ಯಾಕಂದರೆ ಅದು ವಿಷ ಅಲ್ಲ. ನಾನು ಕೇಳುವುದು ಬೇರೆಯೇ ಇದೆ. ಅದಕ್ಕೆ ಮೊದಲು ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮನೆಯವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಬರೆದಿದ್ದೇನೆ.

ಹುಡುಗನಿಗೆ 17 ವರ್ಷ. ಎತ್ತರ 170 ಸೆಂಟಿಮೀಟರ್, ತೂಕ 62 ಕೆಜಿ. ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಜ್ವರ ಬಂದಿದೆ ಅಂತ ಮನೆ ಡಾಕ್ಟರು ಪರೀಕ್ಷೆ ಬರೆದಿದ್ದರು. ರಕ್ತ ಕೊಡುವ ಹಿಂದಿನ ಸಂಜೆ ಜ್ವರ ಸ್ವಲ್ಪ ಬಿಟ್ಟಿತ್ತು ಅಂತ ಅವನು ಜಿಮ್‌ಗೆ ಹೋಗಿ ಕಾಲಿನ ವರ್ಕೌಟ್ ಬೇರೆ ಮಾಡಿ ಬಂದಿದ್ದ. ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 1.38 ಬಂತು. ನಮ್ಮ ಹಾಳೆಯ ಮೇಲೆ ಅಚ್ಚಾಗಿರುವ ಮೇಲಿನ ಮಿತಿ 1.3. ಯೂರಿಯಾ 46, ಅದರ ಮಿತಿ 40. ಕಿಡ್ನಿಗೆ ಸಂಬಂಧಿಸಿದ ಎರಡೂ ಅಂಕಿ ಮಿತಿ ದಾಟಿದ್ದವು.

ಸಂಜೆ ಅವರಪ್ಪ ಬಂದರು. "ಏನ್ರೀ ಮೇಡಮ್, ನಮ್ ಹುಡುಗನ ಕಿಡ್ನಿ ಹೋಗೇತೇನ್ರೀ?" ಅಂದರು. ಯಾರೋ ಸಂಬಂಧಿಕರು ಆಗಲೇ ಡಯಾಲಿಸಿಸ್ ಮಾತು ಆಡಿದ್ದರಂತೆ. ಇನ್ನೊಬ್ಬರು ಮೊಬೈಲ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಮಕ್ಕಳ ಕಿಡ್ನಿ ಎಷ್ಟು ಸೋಸುತ್ತದೆ ಅಂತ ಅಂದಾಜು ಮಾಡಲು ಒಂದು ಸರಳ ಸೂತ್ರ ಇದೆ. 0.413 ಅನ್ನು ಎತ್ತರದಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸುವುದು. 0.413 × 170 ÷ 1.38 ಮಾಡಿದರೆ ಸುಮಾರು 51 ಬರುತ್ತದೆ. 60ಕ್ಕಿಂತ ಕಡಿಮೆ ಅಂಕಿ ಮೂರು ತಿಂಗಳು ನಿಂತರೆ ಅದನ್ನು ಕಿಡ್ನಿ ಕಾಯಿಲೆ ಅಂತ ಕರೆಯುತ್ತಾರೆ. ಅಪ್ಪನ ಮುಖ ಬಿಳಿಚಿಕೊಂಡಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಏನಾದರೂ ಪುಡಿ ತಗೋತೀಯಾ ಅಂತ ಕೇಳಿದೆ. "ಪ್ರೋಟೀನ್ ಅಷ್ಟೇ ರೀ ಅಕ್ಕಾರ" ಅಂದ. ಅಪ್ಪನನ್ನು ಸ್ವಲ್ಪ ಹೊರಗೆ ಕೂರಿಸಿ ಮತ್ತೆ ಕೇಳಿದಾಗ ಎಲ್ಲ ಹೇಳಿದ. ದಿನಕ್ಕೆ ಮೂರು ಸ್ಕೂಪ್ ವೇ ಪ್ರೋಟೀನ್, ರಾತ್ರಿ ಹಾಲಿನಲ್ಲಿ ಮಾಸ್ ಗೇನರ್, ಅದರ ಮೇಲೆ ನಾಲ್ಕು ಹೊತ್ತು 5 ಗ್ರಾಂನಂತೆ ಕ್ರಿಯಾಟಿನ್. ಅಂದರೆ ದಿನಕ್ಕೆ 20 ಗ್ರಾಂ. "ಲೋಡಿಂಗ್ ಮಾಡು ಅಂದಿದ್ರು" ಅಂದ. ಎಷ್ಟು ದಿನ ಅಂತ ಯಾರೂ ಹೇಳಿರಲಿಲ್ಲ. ಎರಡನೇ ತಿಂಗಳಿಗೂ ಲೋಡಿಂಗ್ ನಡೆದೇ ಇತ್ತು.

ಈಗ ಒಳಗೆ ಏನಾಗುತ್ತದೆ ನೋಡಿ. ಕ್ರಿಯಾಟಿನ್ ಹೊರಗಿನ ವಸ್ತುವೇನಲ್ಲ. ನಮ್ಮ ಲಿವರ್ ಮತ್ತು ಕಿಡ್ನಿ ಸೇರಿ ದಿನಕ್ಕೆ ಸುಮಾರು 1 ಗ್ರಾಂ ತಾವೇ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಇನ್ನಷ್ಟು ಸಿಗುತ್ತದೆ. ಇದರ ಬಹುಪಾಲು ಸ್ನಾಯುವಿನಲ್ಲಿ ಇರುತ್ತದೆ. ಭಾರ ಎತ್ತುವಾಗ, ಕಬಡ್ಡಿಯಲ್ಲಿ ರೇಡ್ ಹೋಗುವಾಗ, ಮೊದಲ ಕೆಲವು ಸೆಕೆಂಡಿಗೆ ಬೇಕಾಗುವ ಶಕ್ತಿಯನ್ನು ಬೇಗ ತುಂಬಿಕೊಡುವುದು ಇದರ ಕೆಲಸ. ಹೀಗೆ ಇರುವ ಕ್ರಿಯಾಟಿನ್‌ನಲ್ಲಿ ಒಂದು ಸಣ್ಣ ಪಾಲು, ದಿನಕ್ಕೆ ಶೇಕಡಾ 2ರ ಒಳಗೆ, ತಾನಾಗಿಯೇ ಕ್ರಿಯಾಟಿನಿನ್ ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಹಾಕುತ್ತದೆ.

ಲ್ಯಾಬ್‌ನಲ್ಲಿ ನಾವು ಅಳೆಯುವುದು ಆ ಕೊನೆಯ ಕಸವನ್ನು. ಕಸ ಜಾಸ್ತಿ ಕಂಡರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಊಹಿಸುತ್ತೇವೆ. ಆದರೆ ದೀಪಾವಳಿ ಮರುದಿನ ಓಣಿಯಲ್ಲಿ ಕಸ ರಾಶಿ ಬಿದ್ದಿದ್ದರೆ ಕಸದ ಗಾಡಿ ಬಂದಿಲ್ಲ ಅಂತ ಅರ್ಥ ಅಲ್ಲ, ಅಲ್ವಾ? ಕ್ರಿಯಾಟಿನ್ ಹೊರಗಿನಿಂದ ಸುರಿದಾಗ ಕ್ರಿಯಾಟಿನಿನ್ ಏರುವುದೂ ಹಾಗೆಯೇ. ಕಿಡ್ನಿ ಎಂದಿನಂತೆ ಸೋಸುತ್ತಾ ಇರುತ್ತದೆ, ಬರುವ ಸರಕು ಜಾಸ್ತಿ ಆಗಿರುತ್ತದೆ ಅಷ್ಟೇ. ಹಿಂದಿನ ಸಂಜೆಯ ಕಾಲಿನ ವರ್ಕೌಟ್, ಜ್ವರದಲ್ಲಿ ನೀರು ಕಡಿಮೆ ಕುಡಿದದ್ದು, ಇವೂ ಆ ಅಂಕಿಯನ್ನು ಇನ್ನಷ್ಟು ಮೇಲೆ ತಳ್ಳುತ್ತವೆ. ಯೂರಿಯಾ ಏರಿದ್ದಕ್ಕೂ ಕಾರಣ ದೂರ ಹುಡುಕಬೇಕಿಲ್ಲ. ಪ್ರೋಟೀನ್ ಜಾಸ್ತಿ ತಿಂದರೆ ದೇಹ ಅದನ್ನು ಒಡೆದು ಯೂರಿಯಾ ಮಾಡಿ ಹೊರಗೆ ಹಾಕುತ್ತದೆ.

ಮೊಬೈಲ್‌ನ ಆ ಸೂತ್ರಕ್ಕೂ ಒಂದು ಮಿತಿ ಇದೆ. ಅದನ್ನು ಮಾಡಿದ್ದು 1ರಿಂದ 16 ವರ್ಷದ, ಆಗಲೇ ಕಿಡ್ನಿ ತೊಂದರೆ ಇದ್ದ ಮಕ್ಕಳನ್ನು ನೋಡಿ. ಮೈಕಟ್ಟು ಬೆಳೆದ 17ರ ಹುಡುಗನಿಗೆ ಅದು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ.

ಹಾಗಂತ "ಪುಡಿಯಿಂದ ಆಗಿದ್ದು, ಏನೂ ಇಲ್ಲ ಬಿಡಿ" ಅಂತ ಕಳಿಸಲೂ ಆಗುವುದಿಲ್ಲ. ಪುಡಿ ತಿನ್ನುವ ಹುಡುಗನಿಗೆ ನಿಜವಾದ ಕಿಡ್ನಿ ಕಾಯಿಲೆ ಇರಬಾರದು ಅಂತ ಏನಿಲ್ಲವಲ್ಲ. ಡಾಕ್ಟರು ಮಾಡಿದ್ದು ಹೀಗೆ. ಬಿಪಿ ನೋಡಿದರು, ಸರಿ ಇತ್ತು. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಅಂತ ಪರೀಕ್ಷೆ ಬರೆದರು. ಕಿಡ್ನಿಯ ಜರಡಿಗೆ ಪೆಟ್ಟಾದರೆ ಸಾಮಾನ್ಯವಾಗಿ ಅಲ್ಲಿ ಗೊತ್ತಾಗುತ್ತದೆ. ಅದೂ ಸರಿ ಇತ್ತು. ಜೊತೆಗೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಪರೀಕ್ಷೆ ಬರೆದರು. ಇದೂ ಕಿಡ್ನಿ ಎಷ್ಟು ಸೋಸುತ್ತದೆ ಅಂತ ಹೇಳುವುದೇ. ಆದರೆ ಕ್ರಿಯಾಟಿನ್ ಪುಡಿಯಿಂದ ಈ ಅಂಕಿ ಏರುವುದಿಲ್ಲ. ಎಲ್ಲ ಲ್ಯಾಬ್‌ನಲ್ಲೂ ಮಾಡುವುದಿಲ್ಲ, ಸ್ವಲ್ಪ ದುಬಾರಿ. ಹುಡುಗನದು ಮಿತಿಯೊಳಗೇ ಬಂತು. ಕೊನೆಗೆ ಪುಡಿ ಎಲ್ಲ ನಿಲ್ಲಿಸಿ, ನಾಲ್ಕು ವಾರ ಬಿಟ್ಟು, ಮೂರು ದಿನ ಭಾರ ಎತ್ತದೆ ಬಂದು ರಕ್ತ ಕೊಟ್ಟ. ಕ್ರಿಯಾಟಿನಿನ್ 1.02. ಯೂರಿಯಾ 29.

ಅಂಕಿ ಇಳಿಯದೇ ಇದ್ದಿದ್ದರೆ, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಕಂಡಿದ್ದರೆ, ಆ ಹುಡುಗ ಕಿಡ್ನಿ ತಜ್ಞರ ಬಳಿ ಹೋಗಲೇಬೇಕಿತ್ತು.

ಆ ನಾಲ್ಕು ವಾರ ಆ ಮನೆಯವರು ಹೇಗೆ ಕಳೆದರು ಅನ್ನುವುದನ್ನು ನೀವೇ ಊಹಿಸಿಕೊಳ್ಳಿ. ಹುಡುಗ ಮೊದಲ ದಿನವೇ ಡಾಕ್ಟರ ಮುಂದೆ "ನಾನು ಇಷ್ಟು ಕ್ರಿಯಾಟಿನ್ ತಗೋತೀನಿ" ಅಂದಿದ್ದರೆ ಗಾಬರಿ ಅರ್ಧ ಕಡಿಮೆ ಆಗುತ್ತಿತ್ತು. ಅವನು ಯಾಕೆ ಹೇಳಲಿಲ್ಲ? "ಮನ್ಯಾಗ ಹೇಳಬ್ಯಾಡ, ಸ್ಟೆರಾಯ್ಡ್ ಅಂತ ತಿಳಕೋತಾರ" ಅಂತ ಜಿಮ್‌ನಲ್ಲೇ ಯಾರೋ ಹೇಳಿಕೊಟ್ಟಿದ್ದರಂತೆ. ಕ್ರಿಯಾಟಿನ್ ಸ್ಟೆರಾಯ್ಡ್ ಅಲ್ಲ. ಕ್ರೀಡೆಯಲ್ಲಿ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲೂ ಅದು ಇಲ್ಲ. ಮುಚ್ಚಿಡುವ ಪದಾರ್ಥವೇ ಅಲ್ಲದ ಒಂದನ್ನು ಮುಚ್ಚಿಡಿ ಅಂತ ಹೇಳಿಕೊಟ್ಟು, ಸುಮ್ನೆ ಹುಡುಗರನ್ನು ಕಳ್ಳರ ಹಾಗೆ ಮಾಡಿದ್ದೀರಿ. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನು ಲೋಡಿಂಗ್ ವಿಷಯ. ದಿನಕ್ಕೆ 20 ಗ್ರಾಂ ಅನ್ನುವುದು 5ರಿಂದ 7 ದಿನಕ್ಕೆ ಮಾತ್ರ ಹೇಳಿದ ಪ್ರಮಾಣ. ಆಮೇಲೆ ದಿನಕ್ಕೆ 3ರಿಂದ 5 ಗ್ರಾಂ. ಸ್ನಾಯುವಿನಲ್ಲಿ ಹಿಡಿಸುವಷ್ಟು ತುಂಬಿದ ಮೇಲೆ ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಲೋಡಿಂಗ್ ಮಾಡದೆ ಮೊದಲಿನಿಂದಲೇ ದಿನಕ್ಕೆ 3 ಗ್ರಾಂ ತೆಗೆದುಕೊಂಡರೂ ಸುಮಾರು ನಾಲ್ಕು ವಾರದಲ್ಲಿ ಅದೇ ಮಟ್ಟಕ್ಕೆ ಬರುತ್ತದೆ ಅಂತ 1990ರ ದಶಕದಲ್ಲೇ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಹಾಗಾದರೆ ಲೋಡಿಂಗ್‌ನಿಂದ ಯಾರಿಗೆ ಲಾಭ? ಮುಂದಿನ ವಾರವೇ ಪಂದ್ಯ ಇರುವ ದೊಡ್ಡ ಆಟಗಾರನಿಗೆ ಇದ್ದೀತು. ಪಿಯುಸಿ ಹುಡುಗನಿಗೆ ಹೊಟ್ಟೆ ಕೆಡುವುದು ಮತ್ತು ಡಬ್ಬಿ ಬೇಗ ಖಾಲಿ ಆಗುವುದು, ಇಷ್ಟೇ.

ಕ್ರಿಯಾಟಿನ್‌ನಿಂದ ಉಪಯೋಗ ಇಲ್ಲವೇ ಅಂದರೆ, ಇದೆ. ದೊಡ್ಡವರಲ್ಲಿ ಇದರಷ್ಟು ಪರೀಕ್ಷೆಗೆ ಒಳಗಾದ ಪುಡಿ ಇನ್ನೊಂದಿಲ್ಲ. ಭಾರ ಎತ್ತುವುದು, ಚಿಕ್ಕ ಓಟವನ್ನು ಮತ್ತೆ ಮತ್ತೆ ಓಡುವುದು, ಇಂಥವುಗಳಲ್ಲಿ ಸ್ವಲ್ಪ ಹೆಚ್ಚು ಬಲ ಬರುತ್ತದೆ. ಒಂದೆರಡು ರೆಪ್ ಜಾಸ್ತಿ ಆಗುತ್ತದೆ. ತಿಂಗಳುಗಟ್ಟಲೆ ತರಬೇತಿ ಮಾಡಿದರೆ ಅದರ ಫಲ ಕಾಣುತ್ತದೆ. ಮಾಂಸ ತಿನ್ನದವರ ಸ್ನಾಯುವಿನಲ್ಲಿ ಮೊದಲೇ ಕಡಿಮೆ ಇರುವುದರಿಂದ ಅವರಲ್ಲಿ ಏರಿಕೆ ಜಾಸ್ತಿ. ನಮ್ಮ ಕಡೆಯ ಸಸ್ಯಾಹಾರಿ ಮನೆಗಳ ಹುಡುಗರು "ಭಾರೀ ಕೆಲಸ ಮಾಡ್ತೈತಿ" ಅನ್ನುವುದು ಪೂರ್ತಿ ಭ್ರಮೆ ಅಲ್ಲ. ದೂರದ ಓಟಕ್ಕೆ ಇದರಿಂದ ಅಂಥ ಪ್ರಯೋಜನ ಇಲ್ಲ. ಕೆಲವರ ಮೈಗೆ ಹತ್ತುವುದೇ ಇಲ್ಲ.

ಮೊದಲ ವಾರದಲ್ಲಿ ಏರುವ ಒಂದೆರಡು ಕೆಜಿ ತೂಕ ಬಹುಪಾಲು ನೀರು, ಸ್ನಾಯು ಅಲ್ಲ. ಕನ್ನಡಿ ಮುಂದೆ ನಿಲ್ಲುವ ಹುಡುಗನಿಗೆ ಖುಷಿ. ಆದರೆ ಗರಡಿಮನೆಯ ಹುಡುಗನಿಗೆ? ಹಾವೇರಿ, ಗದಗ ಕಡೆಯಿಂದ ಬಂದು ಇಲ್ಲಿ ತಾಲೀಮು ಮಾಡುವ ಕುಸ್ತಿ ಹುಡುಗರು ತೂಕದ ವರ್ಗದ ಅಂಚಿನಲ್ಲೇ ಇರುತ್ತಾರೆ. ಒಂದು ಕೆಜಿ ನೀರು ಏರಿದರೆ ಮೇಲಿನ ವರ್ಗ. ಆಗ ಅವರು ತೂಕದ ಹಿಂದಿನ ದಿನ ನೀರು ಬಿಟ್ಟು, ಸ್ವೆಟರ್ ಹಾಕಿಕೊಂಡು ಓಡಿ ಬೆವರು ಸುರಿಸುತ್ತಾರೆ. ಮೈ ನೋವು ಅಂತ ನೋವಿನ ಮಾತ್ರೆ ಬೇರೆ ನುಂಗುತ್ತಾರೆ. ಮೈಯಲ್ಲಿ ನೀರಿಲ್ಲದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ತೆಗೆದುಕೊಂಡರೆ ಕಿಡ್ನಿಗೆ ನಿಜವಾಗಿ ಪೆಟ್ಟು ಬೀಳಬಹುದು. ಟ್ರೇನರ್‌ಗಳ ಡ್ರಾವರಿನಲ್ಲಿ ಕ್ರಿಯಾಟಿನ್ ಇರುವುದಕ್ಕಿಂತ ಆ ಮಾತ್ರೆಯ ಪಟ್ಟಿ ಇರುವುದು ನನಗೆ ಹೆಚ್ಚು ಚಿಂತೆ. ಜೋರು ವರ್ಕೌಟ್ ಆದ ಮೇಲೆ ಯಾರದಾದರೂ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ. ಮಾತ್ರೆ ಕೊಡಬೇಡಿ.

ಹದಿಹರೆಯದವರ ವಿಷಯದಲ್ಲಿ ತಿಳಿದಿರುವುದು ಎಷ್ಟು? ದೊಡ್ಡವರಲ್ಲಿ, ಕಿಡ್ನಿ ಸರಿ ಇರುವವರಲ್ಲಿ, ಹೇಳಿದ ಪ್ರಮಾಣದಲ್ಲಿ ವರ್ಷಗಟ್ಟಲೆ ತೆಗೆದುಕೊಂಡರೂ ಕಿಡ್ನಿಗೆ ತೊಂದರೆ ಕಂಡಿಲ್ಲ. 18ರ ಒಳಗಿನವರಲ್ಲಿ ಆದ ಅಧ್ಯಯನಗಳು ಕೆಲವೇ. ಹೆಚ್ಚಾಗಿ ಈಜುಗಾರರು, ಫುಟ್‌ಬಾಲ್ ಹುಡುಗರ ಮೇಲೆ, ಚಿಕ್ಕ ಗುಂಪುಗಳಲ್ಲಿ, ಕೆಲವೇ ವಾರ ನಡೆದಂಥವು. ಅವುಗಳಲ್ಲಿ ಕೆಡುಕು ಕಂಡಿಲ್ಲ ನಿಜ. ಆದರೆ ಅವು ಹುಡುಕಿದ್ದು ಬಲ ಹೆಚ್ಚಿತೇ ಅಂತ. ಕೆಡುಕು ಇದೆಯೇ ಅಂತ ನೋಡುವುದೇ ಗುರಿಯಾಗಿದ್ದವು ಬಹಳ ಕಡಿಮೆ. ಅದಕ್ಕೇ ಪರಿಣತರಲ್ಲೂ ಒಮ್ಮತ ಇಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 18ರ ಒಳಗಿನವರಿಗೆ ಬೇಡ ಅನ್ನುತ್ತದೆ. ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಬೇರೆ ಮಾತು ಹೇಳಿತು. ಮೈ ಬೆಳವಣಿಗೆ ದಾಟಿದ, ಸ್ಪರ್ಧೆಗೆ ಅಂತ ನಿಜವಾಗಿ ತರಬೇತಿ ಮಾಡುವ, ಊಟ ಸರಿ ಇರುವ, ಪ್ರಮಾಣ ಮೀರದ ಹುಡುಗರು ತೆಗೆದುಕೊಳ್ಳಬಹುದು ಅಂತ. ನ್ಯೂಯಾರ್ಕ್ ರಾಜ್ಯ 2024ರಲ್ಲಿ ಸ್ನಾಯು ಬೆಳೆಸುವ ಪುಡಿಗಳನ್ನು 18ರ ಒಳಗಿನವರಿಗೆ ಮಾರುವುದನ್ನೇ ನಿಲ್ಲಿಸಿತು. ಬರೀ ಪ್ರೋಟೀನ್ ಪುಡಿಯನ್ನು ಆ ಕಾನೂನಿನಿಂದ ಹೊರಗಿಟ್ಟಿದೆ.

ನನ್ನ ಅಭಿಪ್ರಾಯ ಕೇಳಿದರೆ, ಜಿಮ್‌ಗೆ ಸೇರಿ ಮೂರು ತಿಂಗಳಾಗದ 17ರ ಹುಡುಗನಿಗೆ ಇದು ಬೇಡವೇ ಬೇಡ. ಆ ಮೂರು ತಿಂಗಳಲ್ಲಿ ಬರೀ ಊಟ, ನಿದ್ದೆ, ಕ್ರಮವಾದ ತರಬೇತಿಯಿಂದಲೇ ಅವನ ಬಲ ಎಷ್ಟು ಏರುತ್ತದೆ ಅಂದರೆ, ಪುಡಿಯ ಪಾಲು ಯಾವುದು ಅಂತ ನಿಮಗೂ ಹೇಳಲಾಗುವುದಿಲ್ಲ.

ಪ್ರೋಟೀನ್ ಪುಡಿಗೆ ಬರೋಣ. ಆ ಹುಡುಗನ ಊಟವನ್ನು ನಾನು ಅವರಮ್ಮನನ್ನು ಕೇಳಿ ಬರೆದುಕೊಂಡೆ. ದಿನಕ್ಕೆ ಮೂರು ಜೋಳದ ರೊಟ್ಟಿ, ಒಂದೊಂದಕ್ಕೆ 50 ಗ್ರಾಂ ಹಿಟ್ಟು ಅಂದರೆ ಸುಮಾರು 15 ಗ್ರಾಂ ಪ್ರೋಟೀನ್. ಒಂದು ಹೊತ್ತು ಹೆಸರುಕಾಳಿನ ಪಲ್ಯ, ಒಣಕಾಳು 50 ಗ್ರಾಂ ಹಿಡಿದರೆ 12. ಇನ್ನೊಂದು ಹೊತ್ತು ಜುಣಕ, 8. ಶೇಂಗಾ ಚಟ್ನಿ 7. ಎರಡು ಲೋಟ ಹಾಲು 13. ಒಂದು ಬಟ್ಟಲು ಮೊಸರು 5. ಅನ್ನದಿಂದ 7. ಒಟ್ಟು 67 ಗ್ರಾಂ. ಈ ವಯಸ್ಸಿನ ಹುಡುಗನಿಗೆ ನಮ್ಮ ದೇಶದ ಪೋಷಣಾ ಸಂಸ್ಥೆ ಹೇಳಿರುವುದು ದಿನಕ್ಕೆ ಸುಮಾರು 55 ಗ್ರಾಂ. ಭಾರ ಎತ್ತುವವನಿಗೆ ಇನ್ನೂ ಬೇಕು, ಒಪ್ಪುತ್ತೇನೆ. ಆದರೆ ತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳೆಯುವುದರಲ್ಲಿ ಹೆಚ್ಚಿನ ಲಾಭ ಸಿಗುವುದಿಲ್ಲ. 62 ಕೆಜಿಗೆ ಅದು 99 ಗ್ರಾಂ ಆಗುತ್ತದೆ. ಅಂದರೆ ಅವನಿಗೆ ಕಡಿಮೆ ಬೀಳುವುದು ಹೆಚ್ಚೆಂದರೆ 32 ಗ್ರಾಂ. ಅದರಲ್ಲಿ ಅರ್ಧಕ್ಕೂ ಮೇಲೆ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲೇ ಸಿಗುತ್ತದೆ. ಬೇಡ ಅಂದರೆ ಒಂದು ಸ್ಕೂಪ್ ವೇ, 24 ಗ್ರಾಂ. ಅವನು ತಿನ್ನುತ್ತಿದ್ದುದು ಮೂರು ಸ್ಕೂಪ್.

ಮಾಸ್ ಗೇನರ್ ಡಬ್ಬಿಯನ್ನು ಅವನು ತಂದು ತೋರಿಸಿದ. 3 ಕೆಜಿ ಡಬ್ಬಿ. ಹಿಂದೆ ಸಣ್ಣ ಅಕ್ಷರದಲ್ಲಿ, 100 ಗ್ರಾಂಗೆ ಪ್ರೋಟೀನ್ 20, ಕಾರ್ಬೊಹೈಡ್ರೇಟ್ 72. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ, ಬೇಗ ಸಕ್ಕರೆಯಾಗುವ ಪುಡಿ. 3 ಕೆಜಿಯಲ್ಲಿ 2 ಕೆಜಿಗೂ ಮಿಕ್ಕಿ ಕಾರ್ಬೊಹೈಡ್ರೇಟೇ. ಅದಕ್ಕೆ ಕೊಟ್ಟ ದುಡ್ಡಿಗೆ ಧಾರವಾಡದ ಸಂತೆಯಲ್ಲಿ ಎಷ್ಟು ಶೇಂಗಾ, ಎಷ್ಟು ಬೆಲ್ಲ ಬರುತ್ತಿತ್ತು ಅಂತ ಅವರಮ್ಮ ಲೆಕ್ಕ ಹಾಕಿದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಬೇಜಾರಾದೀತು.

ಡಬ್ಬಿ ಮೇಲೆ ಬರೆದಿದ್ದು ಒಳಗೆ ಇದ್ದರೆ ಇಷ್ಟು ಲೆಕ್ಕ. ಇಲ್ಲದಿದ್ದರೆ? ಕೇರಳದ ಡಾಕ್ಟರುಗಳು ಸೇರಿ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಸುಮಾರು 70 ಶೇಕಡಾ ಪುಡಿಗಳಲ್ಲಿ ಪ್ರೋಟೀನ್ ಪ್ರಮಾಣ ಲೇಬಲ್‌ಗೆ ಹೊಂದಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧವೇ ಇತ್ತು. 14 ಶೇಕಡಾದಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಸಿಕ್ಕಿತು. ಅದು ಲಿವರ್‌ಗೆ ಕೆಟ್ಟದ್ದು. ಪ್ರೋಟೀನ್ ಅಂಕಿಯನ್ನು ಉಬ್ಬಿಸುವುದು ಹೇಗೆ ಅಂತ ನಮ್ಮಂಥ ಲ್ಯಾಬ್‌ನವರಿಗೆ ಗೊತ್ತಿರುವ ವಿಷಯ. ಹಳೆಯ ಪರೀಕ್ಷೆ ಅಳೆಯುವುದು ನೈಟ್ರೋಜನ್ ಅನ್ನು. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ಪ್ರೋಟೀನ್ ಅಂತ ಬರೆಯುತ್ತಾರೆ. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ನೈಟ್ರೋಜನ್ ಏರುತ್ತದೆ, ಅಂಕಿ ಚೆಂದ ಕಾಣುತ್ತದೆ. ಸ್ನಾಯು ಮಾತ್ರ ಅದರಿಂದ ಬೆಳೆಯುವುದಿಲ್ಲ.

ಹಾಗಾಗಿ ಬಿಡಿ ಪುಡಿ ಮಾರುವುದನ್ನು ನಿಲ್ಲಿಸಿ. ದೊಡ್ಡ ಡಬ್ಬಿಯಿಂದ ಪ್ಲಾಸ್ಟಿಕ್ ಪಾಕೀಟಿಗೆ ಸುರಿದು ಲೇಬಲ್ ಇಲ್ಲದೆ ಕೊಟ್ಟದ್ದು ಏನಾದರೂ ಆದಾಗ ಏನು ಅಂತ ಯಾರೂ ಹೇಳಲಾರರು. ಬಿಲ್ ಕೊಡಿ. ನೀವು ಪುಡಿ ಮಾರಿದರೆ ಕಾನೂನಿನ ಕಣ್ಣಿಗೆ ನೀವೂ ಆಹಾರ ವ್ಯಾಪಾರಿಗಳೇ, ನಿಮಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕು. ತಂದೆ-ತಾಯಂದಿರಿಗೂ ಒಂದು ಮಾತು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ "ಪರೀಕ್ಷೆಗೆ ಕೊಡುತ್ತೇನೆ" ಅಂತ ತಿಳಿಸಿರಬೇಕು. ಪದಾರ್ಥ ಕಾನೂನಿಗೆ ತಕ್ಕಂತೆ ಇಲ್ಲ ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳೂ ಈ ಪತ್ರ ಓದುತ್ತಿದ್ದರೆ, ಬೇಕರಿ, ಹೋಟೆಲ್ ತಪಾಸಣೆಗೆ ಹೋಗುವಾಗ ಪಕ್ಕದ ಜಿಮ್‌ನ ಕಪಾಟನ್ನೂ ಒಮ್ಮೆ ನೋಡಿ.

ಇಷ್ಟೆಲ್ಲ ಬರೆದದ್ದು ಒಂದು ಚೀಟಿಗೋಸ್ಕರ. 18ರ ಒಳಗಿನ ಹುಡುಗ ಪುಡಿ ಕೇಳಿ ಬಂದರೆ ಮೊದಲು ಮನೆಯವರನ್ನು ಕರೆಸಿ. ಬಿಪಿ, ಕಿಡ್ನಿ ತೊಂದರೆ ಮೊದಲೇ ಇದೆಯಾ, ದಿನಾ ತೆಗೆದುಕೊಳ್ಳುವ ಮಾತ್ರೆ ಇದೆಯಾ ಅಂತ ಕೇಳಿ. ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಅವನು ಶುರು ಮಾಡುವುದೇ ಖಾತ್ರಿ ಅಂದರೆ, ಶುರು ಮಾಡುವ ಮುಂಚೆ ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲಿ. ಮುಂದೆ ಏರಿದಾಗ ಎಲ್ಲಿಂದ ಏರಿತು ಅಂತ ಗೊತ್ತಾಗುತ್ತದೆ. ಆಮೇಲೆ ಒಂದು ಚೀಟಿಯಲ್ಲಿ ಪುಡಿಯ ಹೆಸರು, ಬ್ಯಾಚ್ ನಂಬರ್, ದಿನಕ್ಕೆ ಎಷ್ಟು ಗ್ರಾಂ, ಯಾವ ತಾರೀಖಿನಿಂದ ಅಂತ ಬರೆದು ಕೈಗೆ ಕೊಡಿ. ಯಾವುದೇ ರಕ್ತ ಪರೀಕ್ಷೆಗೆ ಹೋದರೂ ಇದನ್ನು ಡಾಕ್ಟರಿಗೂ ಲ್ಯಾಬ್‌ನವರಿಗೂ ತೋರಿಸು ಅಂತ ಹೇಳಿ. ಹಿಂದಿನ ಎರಡು-ಮೂರು ದಿನ ಭಾರ ಎತ್ತಬೇಡ ಅಂತಲೂ ಹೇಳಿ. ಕಾಲಿನ ವರ್ಕೌಟ್ ಮಾಡಿ ಬಂದವರ ಎಸ್‌ಜಿಒಟಿ ಅನ್ನುವ ಕಿಣ್ವ ಏರಿ, ಲಿವರ್ ಕೆಟ್ಟಿದೆ ಅಂತ ಇನ್ನೊಂದು ಗಾಬರಿ ಶುರು ಆಗುವುದನ್ನೂ ನಾವು ನೋಡುತ್ತೇವೆ. ಆ ಕಿಣ್ವ ಸ್ನಾಯುವಿನಲ್ಲೂ ಇರುತ್ತದೆ.

ನಮ್ಮ ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಹುಡುಗಿಯರಿಗೆ ಈಗ ಹೇಳಿದ್ದೇನೆ. ಈ ವಯಸ್ಸಿನವರು ಬಂದರೆ ಶುಗರ್ ಇದೆಯಾ ಅಂತ ಕೇಳುವ ಜೊತೆಗೇ ಜಿಮ್ ಪುಡಿ ತಗೋತೀರಾ ಅಂತ ಕೇಳಿ ಫಾರ್ಮ್ ಮೇಲೆ ಬರೆಯಿರಿ ಅಂತ. ನಿಮ್ಮ ಚೀಟಿ ಬಂದರೆ ಅದರ ನಕಲನ್ನೇ ಫಾರ್ಮ್‌ಗೆ ಪಿನ್ ಮಾಡುತ್ತೇವೆ.

ಇಂತಿ,
ಬಯೋಕೆಮಿಸ್ಟ್ರಿ ವಿಭಾಗದ ಒಬ್ಬ ಉದ್ಯೋಗಿ
ಹುಬ್ಬಳ್ಳಿ